ಬಣ್ಣದ ಡ್ರಮ್‌ಗೆ ಯಾವ ಲಾಟ್ ಮೊದಲು? ಸಿಮ್ಯುಲೇಟೆಡ್ ಅನೀಲಿಂಗ್ ಮತ್ತು ಜೆನೆಟಿಕ್ ಹುಡುಕಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯವನು. ಇಲ್ಲಿನ ಜೀನ್ಸ್ ಕೆಲಸದವರಿಗೆ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುತ್ತೇನೆ. ಬಣ್ಣ ಹಾಕುವ ಒಂದು ಯೂನಿಟ್‌ಗೆ ವಾರದ ಲಾಟ್‌ಗಳ ಸರದಿ ಹಾಕುವ ಪ್ರೋಗ್ರಾಮ್ ಮಾಡಿಕೊಟ್ಟ ಮೇಲೆ ಗೆಳೆಯರು, ಕಾಲೇಜು ಹುಡುಗರು, ಬೇರೆ ಯೂನಿಟ್‌ನವರು ಒಂದೇ ಥರದ ಪ್ರಶ್ನೆ ಕೇಳುತ್ತಲೇ ಇದ್ದಾರೆ. ಉತ್ತರ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸಿಮ್ಯುಲೇಟೆಡ್ ಅನೀಲಿಂಗ್, ಜೆನೆಟಿಕ್ ಅನ್ನುವುದು ಒಳ್ಳೆಯ ಸರದಿಯನ್ನು ಕಂಪ್ಯೂಟರ್‌ನಲ್ಲಿ ಹುಡುಕುವ ಎರಡು ವಿಧಾನಗಳು. ಉದಾಹರಣೆ ಕೊನೆಯವರೆಗೂ ಒಂದೇ: ಒಂದು ಡ್ರಮ್, ಒಂದು ವಾರ, 36 ಲಾಟ್.

ಸಮಸ್ಯೆ ಏನು? ಸರದಿ ಹಾಕೋದರಲ್ಲಿ ಅಷ್ಟು ಕಷ್ಟ ಏನಿದೆ?

ಬಣ್ಣದ ಡ್ರಮ್‌ನಲ್ಲಿ ತಿಳಿ ನೀಲಿ ಆದಮೇಲೆ ಕಪ್ಪು ಹಾಕಿದರೆ ದೊಡ್ಡ ತೊಂದರೆ ಇಲ್ಲ, ಸ್ವಲ್ಪ ನೀರು ಬಿಟ್ಟರೆ ಸಾಕು. ಕಪ್ಪು ಆದಮೇಲೆ ತಿಳಿ ನೀಲಿ ಹಾಕಬೇಕಾದರೆ ಡ್ರಮ್ಮನ್ನು ಚೆನ್ನಾಗಿ ತೊಳೆಯಬೇಕು. ಇಲ್ಲದಿದ್ದರೆ ಉಳಿದ ಕಪ್ಪು ಹೊಸ ಬಟ್ಟೆಗೆ ಹತ್ತುತ್ತದೆ. ನಮ್ಮ ಲೆಕ್ಕದಲ್ಲಿ ಒಂದೇ ಬಣ್ಣದ ಎರಡು ಲಾಟ್ ನಡುವೆ 5 ನಿಮಿಷ, ತಿಳಿಯಿಂದ ಕಡುಬಣ್ಣಕ್ಕೆ 10 ನಿಮಿಷ, ಕಡುವಿನಿಂದ ತಿಳಿಗೆ 45 ನಿಮಿಷ.

ಇಷ್ಟೇ ಆಗಿದ್ದರೆ ಕಂಪ್ಯೂಟರೇ ಬೇಡ. ಎಲ್ಲ ತಿಳಿ ಮೊದಲು, ಆಮೇಲೆ ಕಡು ನೀಲಿ, ಕೊನೆಗೆ ಕಪ್ಪು ಅಂತ ಜೋಡಿಸಿದರೆ ಮುಗಿಯಿತು. ಆದರೆ ಪ್ರತಿ ಲಾಟ್‌ಗೂ ಒಂದು ಗಡುವು ಇದೆ. ಮಂಗಳವಾರ ಸಂಜೆ ಲಾರಿಗೆ ಹೋಗಬೇಕಾದ ಕಪ್ಪು ಲಾಟ್ ಶನಿವಾರದವರೆಗೆ ಕಾಯುವುದಿಲ್ಲ. ಬಣ್ಣ ಒಂದು ಕಡೆ ಎಳೆಯುತ್ತದೆ, ಗಡುವು ಇನ್ನೊಂದು ಕಡೆ. ಕಷ್ಟ ಹುಟ್ಟುವುದು ಈ ಜಗ್ಗಾಟದಲ್ಲಿ.

ಹಾಗಾಗಿ ಒಂದು ಸರದಿ ಎಷ್ಟು ಕೆಟ್ಟದು ಅಂತ ಹೇಳಲು ಒಂದೇ ಸಂಖ್ಯೆ ಇಟ್ಟುಕೊಂಡೆವು: ಡ್ರಮ್ ಬದಲಾವಣೆಗೆ ಹೋದ ನಿಮಿಷ, ಅದಕ್ಕೆ ತಡವಾದ ಪ್ರತಿ ನಿಮಿಷಕ್ಕೆ ಮೂರರಂತೆ ಕೂಡಿಸಿದ್ದು. ಇದನ್ನು "ಖರ್ಚು" ಅಂತ ಕರೆಯುತ್ತೇನೆ. ಆ ಮೂರು ಎಲ್ಲಿಂದ ಬಂತು ಅಂತ ಕೇಳಬೇಡಿ. ಸಾವ್ಕಾರರ ಜೊತೆ ಎರಡು ಚಹಾ ಕುಡಿಯುವಷ್ಟು ಹೊತ್ತು ವಾದ ಮಾಡಿ ಒಪ್ಪಿಕೊಂಡಿದ್ದು.

ಎಲ್ಲಾ ಸರದಿಗಳನ್ನೂ ಕಂಪ್ಯೂಟರ್‌ನಲ್ಲಿ ನೋಡಿಬಿಟ್ಟರೆ ಆಗಲ್ವಾ?

ಸೆಕೆಂಡಿಗೆ 10 ಲಕ್ಷ ಸರದಿ ನೋಡುವ ಪ್ರೋಗ್ರಾಮ್ ಇದೆ ಅಂದುಕೊಳ್ಳಿ. 10 ಲಾಟ್ ಇದ್ದರೆ 36,28,800 ಸರದಿ, ನಾಲ್ಕು ಸೆಕೆಂಡಿನ ಕೆಲಸ. 15 ಲಾಟ್ ಆದರೆ ಹದಿನೈದು ದಿನ. 20 ಲಾಟ್ ಆದರೆ ಸುಮಾರು 77 ಸಾವಿರ ವರ್ಷ. ನಮ್ಮದು 36.

ಕರಾರುವಾಕ್ಕು ವಿಧಾನಗಳು ಇಷ್ಟು ಪೆದ್ದಾಗಿ ಎಣಿಸುವುದಿಲ್ಲ ಅನ್ನೋದು ನಿಜ. 1962ರಲ್ಲೇ ಹೆಲ್ಡ್ ಮತ್ತು ಕಾರ್ಪ್ ಒಂದು ಜಾಣ ದಾರಿ ತೋರಿಸಿದರು. ಇಲ್ಲಿಯವರೆಗೆ ಯಾವ ಯಾವ ಲಾಟ್ ಮುಗಿದಿವೆ, ಕೊನೆಯದು ಯಾವುದು ಅನ್ನುವುದಷ್ಟೇ ನೆನಪಿಟ್ಟುಕೊಂಡರೆ ಸಾಕು, ಅವು ಬಂದ ಕ್ರಮ ಮರೆಯಬಹುದು. ಬದಲಾವಣೆಯ ನಿಮಿಷ ಮಾತ್ರ ಲೆಕ್ಕಕ್ಕಿದ್ದರೆ ಇದು 20 ಲಾಟ್‌ವರೆಗೆ ಚೆನ್ನಾಗಿ ನಡೆಯುತ್ತದೆ. 36ಕ್ಕೆ ಬಂದರೆ ಮುಗಿದ ಲಾಟ್‌ಗಳ ಗುಂಪುಗಳೇ 6,800 ಕೋಟಿಗೂ ಜಾಸ್ತಿ, ಮೆಮೊರಿ ಸಾಲುವುದಿಲ್ಲ.

ಗಡುವು ಸೇರಿದರೆ ಇನ್ನೊಂದು ಪೆಟ್ಟು. ಅದೇ ಲಾಟ್‌ಗಳು, ಅದೇ ಕೊನೆಯ ಲಾಟ್ ಇದ್ದರೂ ಒಂದು ಕ್ರಮ ಬೇಗ ಮುಗಿದು ಜಾಸ್ತಿ ಖರ್ಚು ತೋರಿಸಬಹುದು, ಇನ್ನೊಂದು ತಡವಾಗಿ ಮುಗಿದು ಕಮ್ಮಿ ತೋರಿಸಬಹುದು. ಮುಂದೆ ಯಾವುದು ಗೆಲ್ಲುತ್ತದೆ ಅಂತ ಈಗಲೇ ಗೊತ್ತಿಲ್ಲ. ಎರಡನ್ನೂ ಇಟ್ಟುಕೊಳ್ಳಬೇಕು. ಜಾಣ ದಾರಿ ಅಲ್ಲೇ ಉಬ್ಬುತ್ತಾ ಹೋಗುತ್ತದೆ.

ಹಾಗಾದರೆ ಸುಮ್ನೆ ಒಂದು ಸರದಿ ಹಿಡಿದು, ಸುಧಾರಿಸುತ್ತಾ ಹೋದರೆ?

ಎಲ್ಲರೂ ಮೊದಲು ಮಾಡುವುದು ಇದನ್ನೇ. ಅಕ್ಕಪಕ್ಕದ ಎರಡು ಲಾಟ್ ಅದಲುಬದಲು ಮಾಡು, ಖರ್ಚು ಇಳಿದರೆ ಇಟ್ಟುಕೋ, ಏರಿದರೆ ವಾಪಸ್ ಹಾಕು. ಎಲ್ಲಿ ಸಿಕ್ಕಿಬೀಳುತ್ತದೆ ಅಂತ ನಾಲ್ಕೇ ಲಾಟ್‌ನಲ್ಲಿ ತೋರಿಸುತ್ತೇನೆ. ಸದ್ಯಕ್ಕೆ ಗಡುವು ಮರೆಯಿರಿ, ಬದಲಾವಣೆಯ ನಿಮಿಷ ಮಾತ್ರ ಎಣಿಸೋಣ.

ಸರದಿ: ತಿಳಿ, ಕಪ್ಪು, ಕಪ್ಪು, ತಿಳಿ. ತಿಳಿಯಿಂದ ಕಪ್ಪಿಗೆ 10, ಕಪ್ಪಿನಿಂದ ಕಪ್ಪಿಗೆ 5, ಕಪ್ಪಿನಿಂದ ತಿಳಿಗೆ 45. ಒಟ್ಟು 60.

ಈಗ ಅಕ್ಕಪಕ್ಕದವನ್ನು ಬದಲಿಸಿ ನೋಡಿ. ಮೊದಲ ಎರಡನ್ನು ಬದಲಿಸಿದರೆ ಕಪ್ಪು, ತಿಳಿ, ಕಪ್ಪು, ತಿಳಿ: 45, 10, 45, ಒಟ್ಟು 100. ನಡುವಿನ ಎರಡೂ ಕಪ್ಪೇ, ಬದಲಿಸಿದರೂ 60. ಕೊನೆಯ ಎರಡನ್ನು ಬದಲಿಸಿದರೆ ತಿಳಿ, ಕಪ್ಪು, ತಿಳಿ, ಕಪ್ಪು: 10, 45, 10, ಒಟ್ಟು 65. ಯಾವುದರಲ್ಲೂ ಲಾಭ ಇಲ್ಲ. ಪ್ರೋಗ್ರಾಮ್ "60ಕ್ಕಿಂತ ಒಳ್ಳೆಯದಿಲ್ಲ" ಅಂತ ನಿಂತುಬಿಡುತ್ತದೆ.

ಆದರೆ ಆ 65ರ ಸರದಿಯಲ್ಲಿ ನಡುವಿನ ಎರಡನ್ನು ಇನ್ನೊಮ್ಮೆ ಬದಲಿಸಿ. ತಿಳಿ, ತಿಳಿ, ಕಪ್ಪು, ಕಪ್ಪು: 5, 10, 5, ಒಟ್ಟು 20. ಅರವತ್ತರಿಂದ ಇಪ್ಪತ್ತಕ್ಕೆ ಇಳಿಯಲು ಒಮ್ಮೆ ಅರವತ್ತೈದಕ್ಕೆ ಏರಲೇಬೇಕಿತ್ತು. ಐದು ನಿಮಿಷದ ನಷ್ಟಕ್ಕೆ ಹೆದರಿದ್ದಕ್ಕೆ ನಲವತ್ತು ನಿಮಿಷ ಕೈತಪ್ಪಿತು.

ಅನೀಲಿಂಗ್ ಇದನ್ನು ಹೇಗೆ ದಾಟುತ್ತದೆ?

ನಷ್ಟದ ಹೆಜ್ಜೆಯನ್ನೂ ಆಗಾಗ ಒಪ್ಪಿಕೊಳ್ಳುತ್ತದೆ. ಎಷ್ಟು ಸಲ ಒಪ್ಪಬೇಕು ಅನ್ನುವುದಕ್ಕೆ ಒಂದು ಸೂತ್ರ ಇದೆ:

```
p = exp(-d / T)
```

`d` ಅಂದರೆ ಖರ್ಚು ಎಷ್ಟು ಏರಿತು ಅನ್ನುವುದು. `T` ಅಂದರೆ ತಾಪ. ಮೇಲಿನ ಹೆಜ್ಜೆಯಲ್ಲಿ `d` 5. ತಾಪ 10 ಇದ್ದರೆ `p` 0.61, ಅಂದರೆ ನೂರರಲ್ಲಿ 61 ಸಲ ಆ ಹೆಜ್ಜೆ ಇಡುತ್ತದೆ. ತಾಪ 1 ಇದ್ದರೆ `p` 0.0067, ಸುಮಾರು 150 ಸಲಕ್ಕೆ ಒಂದು. ಖರ್ಚು 200 ಏರುವ ಹೆಜ್ಜೆಯಾದರೆ, ತಾಪ 400ರಲ್ಲಿ ಅದೇ 0.61, ಆದರೆ ತಾಪ 10ಕ್ಕೆ ಇಳಿದಾಗ ನೂರು ಕೋಟಿಗೆ ಎರಡು ಸಲ. ಸೂತ್ರದ ಗುಟ್ಟು ಇಲ್ಲಿದೆ. ತಾಪ ಜಾಸ್ತಿ ಇದ್ದಾಗ ದೊಡ್ಡ ಗುಡ್ಡವನ್ನೂ ಹತ್ತುತ್ತದೆ. ತಾಪ ಇಳಿದಂತೆ ಸಣ್ಣ ದಿಬ್ಬ ಮಾತ್ರ ಹತ್ತುತ್ತದೆ, ಕೊನೆಗೆ ಇಳಿಯುವುದಷ್ಟೇ.

ಅನೀಲಿಂಗ್ ಅನ್ನೋ ಹೆಸರು ಎಲ್ಲಿಂದ ಬಂತು?

ಕುಲುಮೆಯಿಂದ. ತಣ್ಣಗಿರುವಾಗಲೇ ಬಡಿದ ಅಥವಾ ಉರುಳೆಯಲ್ಲಿ ಒತ್ತಿದ ಉಕ್ಕು ಬಿರುಸಾಗುತ್ತದೆ, ಬಗ್ಗಿಸಿದರೆ ಬಿರಿಯುತ್ತದೆ. ಅದನ್ನು ಕಾಯಿಸಿ ನಿಧಾನ ತಣಿಸಿದರೆ ಮೆತ್ತಗಾಗುತ್ತದೆ. ಬಿಸಿಯಲ್ಲಿ ಅಣುಗಳು ಓಡಾಡುತ್ತವೆ, ನಿಧಾನ ತಣಿದಾಗ ಒಳ್ಳೆಯ ಜಾಗ ಹುಡುಕಿಕೊಂಡು ಕೂರುತ್ತವೆ. ಕಾದದ್ದನ್ನು ಚೊಂಯ್ ಅಂತ ನೀರಿಗೆ ಅದ್ದಿದರೆ ಎಲ್ಲಿದ್ದವೋ ಅಲ್ಲೇ ಸಿಕ್ಕಿಬೀಳುತ್ತವೆ. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲ್ಲ.

ಸೂತ್ರ ಮೊದಲು ಬಂದದ್ದು 1953ರಲ್ಲಿ, ಮೆಟ್ರೊಪೊಲಿಸ್ ಮತ್ತು ಅವರ ಜೊತೆಗಾರರಿಂದ, ಅಣುಗಳ ಲೆಕ್ಕಕ್ಕಾಗಿ. ಅದನ್ನು ಸರದಿ, ದಾರಿ, ಚಿಪ್ ಜೋಡಣೆಯಂಥ ಸಮಸ್ಯೆಗಳಿಗೆ ತಂದವರು ಕರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಕ್ಕಿ, 1983ರಲ್ಲಿ. ಚೆರ್ನಿ ಅನ್ನುವವರು ತಾವೇ ಬೇರೆಯಾಗಿ ಕಂಡುಕೊಂಡು 1985ರಲ್ಲಿ ಪ್ರಕಟಿಸಿದರು.

ಪ್ರೋಗ್ರಾಮ್ ಎಷ್ಟು ದೊಡ್ಡದು?

ಇಷ್ಟೇ. `cost` ಅನ್ನುವುದು ನೀವು ಬರೆಯಬೇಕಾದ ಖರ್ಚಿನ ಲೆಕ್ಕ.

```python
import math, random

def anneal(order, cost, T=400.0, Tend=0.7, alpha=0.95, moves=1200):
    cur, c = order[:], cost(order)
    best, b = cur[:], c
    while T > Tend:
        for _ in range(moves):
            new = cur[:]
            x = new.pop(random.randrange(len(new)))
            new.insert(random.randrange(len(new) + 1), x)
            d = cost(new) - c
            if d <= 0 or random.random() < math.exp(-d / T):
                cur, c = new, c + d
                if c < b:
                    best, b = cur[:], c
        T *= alpha
    return best, b
```

`best` ಅನ್ನು ಬೇರೆಯಾಗಿ ಇಟ್ಟಿರುವುದನ್ನು ನೋಡಿ. ಅನೀಲಿಂಗ್ ಒಳ್ಳೆಯ ಸರದಿಯನ್ನು ಮುಟ್ಟಿ ಮುಂದೆ ಹೋಗಿಬಿಡಬಹುದು. ಮುಟ್ಟಿದ್ದರಲ್ಲಿ ಒಳ್ಳೆಯದನ್ನು ಜೇಬಿಗೆ ಹಾಕಿಕೊಳ್ಳಬೇಕು.

ಇಲ್ಲೇ ನಾನೂ ಒಂದು ದಿನ ಹಾಳು ಮಾಡಿಕೊಂಡೆ. ಮೊದಲು ಬರೆದಾಗ ವೇಗಕ್ಕೆಂದು `cur` ಪಟ್ಟಿಯಲ್ಲೇ ಲಾಟ್ ಬದಲಿಸುತ್ತಿದ್ದೆ, ಒಳ್ಳೆಯದು ಸಿಕ್ಕಾಗ `best = cur` ಅಂತ ಬರೆದಿದ್ದೆ. ಪೈಥಾನ್‌ನಲ್ಲಿ ಇದು ನಕಲು ಮಾಡುವುದಿಲ್ಲ, ಒಂದೇ ಪಟ್ಟಿಗೆ ಎರಡು ಹೆಸರು ಕೊಡುತ್ತದೆ ಅಷ್ಟೇ. ಪ್ರೋಗ್ರಾಮ್ 240 ಅಂತ ಹೇಳುತ್ತಿತ್ತು, ಕೊಟ್ಟ ಸರದಿಯನ್ನು ಕೈಯಿಂದ ಕೂಡಿದರೆ ಬೇರೆ ಸಂಖ್ಯೆ. ಈಗ ಕೊನೆಯಲ್ಲಿ `cost(best)` ಮತ್ತೆ ಲೆಕ್ಕ ಹಾಕಿ `b` ಜೊತೆ ಹೋಲಿಸದೆ ಯಾವ ಸರದಿಯನ್ನೂ ಹೊರಗೆ ಬಿಡುವುದಿಲ್ಲ.

ಶುರುವಿನ ತಾಪ 400 ಅಂತ ಹೇಗೆ ಹಿಡಿದಿರಿ? ಊಹೆನಾ?

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಜೋಕ್ ಇದೆ. ಅನೀಲಿಂಗ್‌ನಲ್ಲಿ ಹಾಗೆ ನಡೆಯಲ್ಲ, ತಾಪ ಅಳೆದು ಇಡಬೇಕು.

ಮೊದಲು ಹೇಗೋ ಒಂದು ಸರದಿಯಿಂದ 200 ಹೆಜ್ಜೆ ಸುಮ್ನೆ ಇಟ್ಟು ನೋಡಿದೆ. ಖರ್ಚು ಏರಿದ ಹೆಜ್ಜೆಗಳಲ್ಲಿ ಸರಾಸರಿ ಏರಿಕೆ ಸುಮಾರು 90 ಇತ್ತು. ಶುರುವಿನಲ್ಲಿ ಇಂಥ ಹೆಜ್ಜೆಗಳನ್ನು ನೂರಕ್ಕೆ 80 ಸಲ ಒಪ್ಪಬೇಕು ಅಂತ ಇಟ್ಟುಕೊಂಡರೆ, ಸೂತ್ರ ತಿರುಗಿಸಿದಾಗ ತಾಪ 90 ಭಾಗಿಸು 0.223 ಆಗುತ್ತದೆ. ಅಂದರೆ ಸುಮಾರು 400.

ಕೊನೆಯ ತಾಪಕ್ಕೂ ಇದೇ ದಾರಿ. ನಮ್ಮ ಬದಲಾವಣೆಯ ನಿಮಿಷಗಳೆಲ್ಲ ಐದರ ಲೆಕ್ಕದಲ್ಲಿವೆ. 5ರ ಏರಿಕೆಯನ್ನು ಸಾವಿರಕ್ಕೆ ಒಂದು ಸಲ ಒಪ್ಪುವ ತಾಪ 0.7. ಅಲ್ಲಿಗೆ ಬಂದ ಮೇಲೆ ಇನ್ನೂ ತಣಿಸುವುದರಲ್ಲಿ ಅರ್ಥ ಇಲ್ಲ.

400ರಿಂದ 0.7ಕ್ಕೆ, ಪ್ರತಿ ಸಲ 0.95ರಿಂದ ಗುಣಿಸುತ್ತಾ ಇಳಿದರೆ ಸುಮಾರು 124 ಮೆಟ್ಟಿಲು. ಒಂದು ಲಾಟ್ ಎತ್ತಿ ಬೇರೆ ಕಡೆ ಇಡುವ ದಾರಿಗಳು 36 ಲಾಟ್‌ಗೆ 1,225. ಅದಕ್ಕೇ ಪ್ರತಿ ಮೆಟ್ಟಿಲಿನಲ್ಲಿ 1,200 ಹೆಜ್ಜೆ. ಒಟ್ಟು ಒಂದೂವರೆ ಲಕ್ಷ ಹೆಜ್ಜೆ. ಹಳೆ ಲ್ಯಾಪ್‌ಟಾಪ್‌ನಲ್ಲೂ ಕೆಲವೇ ಸೆಕೆಂಡು.

ತಪ್ಪು ತಾಪ ಇಟ್ಟರೆ ಹೇಗೆ ಗೊತ್ತಾಗುತ್ತದೆ?

ಪ್ರತಿ ಮೆಟ್ಟಿಲಿಗೂ ಎರಡು ಸಂಖ್ಯೆ ಬರೆಸಿ: ಎಷ್ಟು ಹೆಜ್ಜೆ ಒಪ್ಪಿತು, ಆಗ ಖರ್ಚು ಎಷ್ಟಿತ್ತು. ಮೊದಲ ಮೆಟ್ಟಿಲಿನಲ್ಲೇ ನೂರಕ್ಕೆ ಐದು ಒಪ್ಪುತ್ತಿದ್ದರೆ ಶುರುವೇ ತಣ್ಣಗಿದೆ, ಸಿಕ್ಕ ಮೊದಲ ಗುಂಡಿಯಲ್ಲಿ ಬೀಳುತ್ತೀರಿ. ಐವತ್ತು ಮೆಟ್ಟಿಲು ಕಳೆದರೂ ಖರ್ಚು ಮೇಲೇ ಕುಣಿಯುತ್ತಿದ್ದರೆ ಅತಿಯಾಗಿ ಕಾಯಿಸಿದ್ದೀರಿ. ಕೆಟ್ಟದ್ದೇನೂ ಆಗಲ್ಲ, ಹೊತ್ತು ಹಾಳು.

ಬೇಗ ತಣಿಸಿದ್ದು ಒಂದೇ ಓಟದಲ್ಲಿ ಕಾಣುವುದಿಲ್ಲ. ಬೇರೆ ಬೇರೆ ಬೀಜಸಂಖ್ಯೆ, ಅಂದರೆ `random.seed`ಗೆ ಬೇರೆ ಬೇರೆ ಅಂಕಿ ಕೊಟ್ಟು ಹತ್ತು ಸಲ ಓಡಿಸಿ. ನಮ್ಮ ವಾರದಲ್ಲಿ `alpha` 0.95 ಇದ್ದಾಗ ಹತ್ತು ಉತ್ತರಗಳೂ 240ರಿಂದ 285ರ ಒಳಗೆ ಬಂದವು. 0.7 ಮಾಡಿದಾಗ ಚೆಲ್ಲಾಪಿಲ್ಲಿ, ಕೆಲವು 400 ದಾಟಿದವು. ಉತ್ತರಗಳು ದೂರ ದೂರ ಚೆದುರಿದರೆ ಕುಲುಮೆಯ ಬಾಗಿಲು ಬೇಗ ತೆಗೆದಿದ್ದೀರಿ ಅಂತಲೇ ಅರ್ಥ.

ಯಾವ ಹೆಜ್ಜೆ ಇಡಬೇಕು? ಅಕ್ಕಪಕ್ಕ ಬದಲಿಸೋದಾ, ಎತ್ತಿ ಇಡೋದಾ?

ಜನ ತಾಪದ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಹೆಜ್ಜೆಯ ಆಯ್ಕೆ ಅದಕ್ಕಿಂತ ದೊಡ್ಡದು.

ಮೇಲಿನ ನಾಲ್ಕು ಲಾಟ್‌ಗೆ ವಾಪಸ್ ಹೋಗಿ. ತಿಳಿ, ಕಪ್ಪು, ಕಪ್ಪು, ತಿಳಿ. ಅಕ್ಕಪಕ್ಕ ಬದಲಿಸುವವನಿಗೆ ಅದು ಗುಂಡಿ. ಆದರೆ ಕೊನೆಯ ತಿಳಿ ಲಾಟ್ ಎತ್ತಿ ಮುಂದೆ ಇಡುವವನಿಗೆ ಒಂದೇ ಹೆಜ್ಜೆಯಲ್ಲಿ 20 ಸಿಗುತ್ತದೆ. ಸಮಸ್ಯೆ ಅದೇ, ಡ್ರಮ್ ಅದೇ, ಹೆಜ್ಜೆ ಬದಲಾದ ಕೂಡಲೇ ಗುಂಡಿಯೇ ಮಾಯ. ಅಂದರೆ ಗುಂಡಿ ಇರುವುದು ಸಮಸ್ಯೆಯಲ್ಲಲ್ಲ, ನಾವು ನಡೆಯುವ ರೀತಿಯಲ್ಲಿ.

ಎತ್ತಿ ಇಡುವ ಹೆಜ್ಜೆಗೂ ಅದರದೇ ಗುಂಡಿಗಳಿವೆ. ತಿಳಿ ಲಾಟ್‌ಗಳ ನಡುವೆ ಮೂರು ಕಪ್ಪು ಒಟ್ಟಿಗೆ ಕೂತಿದ್ದರೆ, ಒಂದನ್ನು ಎತ್ತಿ ಮುಂದಿನ ದಿನಕ್ಕೆ ಹಾಕಿದರೂ ಉಳಿದೆರಡರಿಂದಾಗಿ ಡ್ರಮ್ ತೊಳೆಯಲೇಬೇಕು. ಮೂರನ್ನೂ ಒಟ್ಟಿಗೆ ಎತ್ತಿದರೆ ಮಾತ್ರ 45 ನಿಮಿಷ ಉಳಿಯುತ್ತದೆ. ಹಾಗಾಗಿ ನಾವು ಹತ್ತರಲ್ಲಿ ಮೂರು ಸಲ ಒಂದೇ ಬಣ್ಣದ ಸಾಲನ್ನು ಇಡಿಯಾಗಿ ಎತ್ತುವ ಹೆಜ್ಜೆ ಸೇರಿಸಿದೆವು. ಮೇಲಿನ ಕೋಡ್‌ನಲ್ಲಿ ಅದು ಇಲ್ಲ, ನಾಲ್ಕು ಸಾಲಿನ ಕೆಲಸ. ಈ ಯೋಚನೆ ಪುಸ್ತಕದಿಂದ ಬಂದದ್ದಲ್ಲ. ಯೂನಿಟ್‌ನ ಮೇಸ್ತ್ರಿ ಚೀಟಿಗಳನ್ನು ಕಲ್ಲಿನ ಮೇಲೆ ಜೋಡಿಸುವಾಗ ಒಂದೊಂದೇ ಎತ್ತುತ್ತಿರಲಿಲ್ಲ, ಬಣ್ಣದ ಕಟ್ಟನ್ನೇ ಎತ್ತಿ ಇಡುತ್ತಿದ್ದರು.

ಜೆನೆಟಿಕ್ ವಿಧಾನ ಅಂದರೆ ಇದಕ್ಕಿಂತ ಹೇಗೆ ಬೇರೆ?

ಅನೀಲಿಂಗ್ ಒಬ್ಬನೇ ನಡೆಯುವುದು. ಜೆನೆಟಿಕ್ ಒಂದು ಊರೇ ನಡೆಯುವುದು. ಜಾನ್ ಹಾಲೆಂಡ್ 1975ರಲ್ಲಿ ಇದಕ್ಕೆ ಒಂದು ಅಡಿಪಾಯ ಹಾಕಿಕೊಟ್ಟರು. ಅರವತ್ತು ಸರದಿಗಳನ್ನು ಇಟ್ಟುಕೊಳ್ಳುತ್ತೀರಿ. ಯಾವುದಾದರೂ ಮೂರನ್ನು ಎತ್ತಿ, ಅದರಲ್ಲಿ ಒಳ್ಳೆಯದನ್ನು ತಂದೆ ಮಾಡುತ್ತೀರಿ. ಹಾಗೇ ಇನ್ನೊಂದು ಸಲ ಎತ್ತಿ ತಾಯಿ. ಎರಡನ್ನೂ ಬೆರೆಸಿ ಮಗು. ಮಗುವಿನಲ್ಲಿ ಆಗಾಗ ಒಂದು ಲಾಟ್ ಜಾಗ ಬದಲಿಸುತ್ತೀರಿ. ಹೀಗೆ ಹೊಸ ಅರವತ್ತು ಆದಮೇಲೆ ಹಳೆಯದರಲ್ಲಿ ಅತ್ಯುತ್ತಮ ಎರಡನ್ನು ಹಾಗೇ ಉಳಿಸಿ, ಮತ್ತೆ ಶುರು.

ಮೊದಲ ಸಲ ಬರೆಯುವವರು ಎಡವುವುದು ಬೆರೆಸುವುದರಲ್ಲಿ. ಎಂಟು ಲಾಟ್ ತೆಗೆದುಕೊಳ್ಳಿ:

```
P1:  1 2 3 4 5 6 7 8
P2:  5 7 1 3 8 2 4 6
```

ಮೊದಲರ್ಧ ತಂದೆಯದು, ಉಳಿದರ್ಧ ತಾಯಿಯದು ಅಂತ ಅಂಟಿಸಿದರೆ 1 2 3 4 8 2 4 6. ಎರಡು ಮತ್ತು ನಾಲ್ಕು ಎರಡೆರಡು ಸಲ ಬಂದವು, ಐದು ಮತ್ತು ಏಳು ನಾಪತ್ತೆ. ಗಿರಾಕಿಗೆ "ನಿಮ್ಮ ಲಾಟ್ ಈ ವಾರ ಹುಟ್ಟಲಿಲ್ಲ" ಅನ್ನೋಕಾಗುತ್ತಾ?

ಸರಿಯಾದ ದಾರಿ ಹೀಗೆ. ತಂದೆಯಿಂದ ಒಂದು ತುಂಡು ಅದೇ ಜಾಗದಲ್ಲಿ ಇಡಿ, ಇಲ್ಲಿ 3 4 5. ಉಳಿದ ಖಾಲಿ ಜಾಗಗಳನ್ನು ಎಡದಿಂದ ಬಲಕ್ಕೆ, ತಾಯಿಯಲ್ಲಿ ಇದ್ದ ಕ್ರಮದಲ್ಲೇ ತುಂಬಿ, ಬಂದಿರುವುದನ್ನು ಬಿಟ್ಟು. ತಾಯಿಯಲ್ಲಿ 3, 4, 5 ತೆಗೆದರೆ ಉಳಿಯುವುದು 7 1 8 2 6. ಮಗು:

```
C:   7 1 3 4 5 8 2 6
```

ಎಂಟೂ ಇವೆ. ತಂದೆಯ ಒಂದು ಬಣ್ಣದ ಕಟ್ಟು ಒಡೆಯದೆ ಬಂತು, ತಾಯಿಯ "ಯಾವುದು ಮೊದಲು, ಯಾವುದು ಆಮೇಲೆ" ಅನ್ನುವುದೂ ಉಳಿಯಿತು. ಕಟ್ಟು ಡ್ರಮ್ ತೊಳೆಯುವುದನ್ನು ಉಳಿಸುತ್ತದೆ, ಮೊದಲು ಆಮೇಲೆ ಅನ್ನುವುದು ಗಡುವನ್ನು ಕಾಯುತ್ತದೆ. ನಮ್ಮ ಸಮಸ್ಯೆಗೆ ಈ ಬೆರಕೆ ಹೊಂದುವುದು ಅದಕ್ಕೇ.

ನನ್ನ ಜೆನೆಟಿಕ್ ಪ್ರೋಗ್ರಾಮ್ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತದೆ. ಯಾಕೆ?

ಅರವತ್ತರಲ್ಲಿ ಬೇರೆ ಬೇರೆ ಸರದಿ ಎಷ್ಟಿವೆ ಅಂತ ಪ್ರತಿ ತಲೆಮಾರಿಗೂ ಎಣಿಸಿ. ನನ್ನ ಮೊದಲ ಪ್ರಯತ್ನದಲ್ಲಿ ನಲವತ್ತನೇ ತಲೆಮಾರಿಗೆ ಬರೀ ಮೂರು ಉಳಿದಿದ್ದವು. ಊರ ತುಂಬಾ ಒಂದೇ ಮುಖ. ಒಂದೇ ಥರದ ತಂದೆತಾಯಿ ಬೆರೆತರೆ ಹೊಸದೇನು ಹುಟ್ಟುತ್ತದೆ?

ಕಾರಣ, ಆಯ್ಕೆ ತುಂಬಾ ಬಿಗಿ ಇತ್ತು. ಹತ್ತರಲ್ಲಿ ಒಂದನ್ನು ಆರಿಸುತ್ತಿದ್ದೆ, ಮೂರರಲ್ಲಿ ಒಂದಕ್ಕೆ ಇಳಿಸಿದೆ. ಹುಟ್ಟಿದ ಮಗು ಊರಲ್ಲಿ ಆಗಲೇ ಇದ್ದರೆ ಸೇರಿಸದೆ ಬಿಟ್ಟೆ. ಜಾಗ ಬದಲಿಸುವುದನ್ನು ನೂರಕ್ಕೆ ಎರಡರಿಂದ ಇಪ್ಪತ್ತಕ್ಕೆ ಏರಿಸಿದೆ. ಇದರಲ್ಲಿ ಜಾಸ್ತಿ ಕೆಲಸ ಮಾಡಿದ್ದು ಎರಡನೆಯದು, ಅವಳಿಗಳನ್ನು ಸೇರಿಸದೆ ಬಿಟ್ಟದ್ದು.

ಎರಡರಲ್ಲಿ ಯಾವುದು ಒಳ್ಳೇದು?

ಹೋಲಿಸುವುದಾದರೆ ಒಂದೇ ಅಳತೆಯಲ್ಲಿ ಹೋಲಿಸಿ. ತಲೆಮಾರು ಎಷ್ಟು, ಮೆಟ್ಟಿಲು ಎಷ್ಟು ಅಂತ ನೋಡಬೇಡಿ. ಖರ್ಚಿನ ಲೆಕ್ಕ ಎಷ್ಟು ಸಲ ಹಾಕಿದಿರಿ ಅನ್ನುವುದು ಮುಖ್ಯ. ಅನೀಲಿಂಗ್‌ಗೆ ಒಂದೂವರೆ ಲಕ್ಷ ಕೊಟ್ಟರೆ, ಅರವತ್ತರ ಊರಿಗೆ 2,500 ತಲೆಮಾರು.

ಒಂದೇ ಡ್ರಮ್‌ಗೆ ನಾನು ಅನೀಲಿಂಗ್ ಬಳಸುತ್ತೇನೆ. ಬರೆಯುವುದು ಸುಲಭ, ತಿರುಗಿಸಬೇಕಾದ ಗುಬುಟುಗಳು ಕಮ್ಮಿ, ತಪ್ಪಾದರೆ ಎಲ್ಲಿ ಅಂತ ಬೇಗ ಸಿಗುತ್ತದೆ. ನಮ್ಮ ವಾರದಲ್ಲಿ ಜೆನೆಟಿಕ್ ಅದಕ್ಕಿಂತ ಒಳ್ಳೆಯದನ್ನು ಕೊಡಲಿಲ್ಲ. ಎರಡು ಮೂರು ಡ್ರಮ್ ಇದ್ದರೆ ಮಾತು ಬೇರೆ. ಒಂದು ಸರದಿಯಲ್ಲಿ ಮೊದಲ ಡ್ರಮ್‌ನ ಜೋಡಣೆ ಚೆನ್ನಾಗಿರುತ್ತದೆ, ಇನ್ನೊಂದರಲ್ಲಿ ಎರಡನೆಯದು. ಎರಡನ್ನೂ ಸೇರಿಸಲು ಬೆರಕೆಗೆ ಅರ್ಥ ಬರುತ್ತದೆ. ಅಲ್ಲೂ ಹುಟ್ಟಿದ ಪ್ರತಿ ಮಗುವನ್ನು ಎತ್ತಿ ಇಡುವ ಹೆಜ್ಜೆಗಳಿಂದ ಸ್ವಲ್ಪ ತಿದ್ದಿ ಆಮೇಲೆ ಊರಿಗೆ ಸೇರಿಸಿದರೆ ಫಲ ಬೇಗ. ಬರೀ ಬೆರಕೆಯನ್ನೇ ನಂಬಿಕೊಂಡರೆ ಅದು ಕುಂಟುತ್ತದೆ.

ಸಿಕ್ಕಿದ್ದೇ ಅತ್ಯುತ್ತಮ ಅಂತ ಖಾತ್ರಿ ಏನು?

ಇಲ್ಲ. ತಾಪವನ್ನು ಲಾಗರಿದಮ್ ಲೆಕ್ಕದಲ್ಲಿ ಸಾಕಷ್ಟು ನಿಧಾನ ಇಳಿಸಿದರೆ ಅತ್ಯುತ್ತಮಕ್ಕೆ ತಲುಪುತ್ತದೆ ಅಂತ 1988ರಲ್ಲಿ ಹಾಯೆಕ್ ತೋರಿಸಿದ್ದಾರೆ. ಆದರೆ ಆ ವೇಗದಲ್ಲಿ ತಾಪ ಅರ್ಧ ಆಗಬೇಕಾದರೆ ಹೆಜ್ಜೆಗಳ ಸಂಖ್ಯೆ ತನ್ನಿಂದಲೇ ಗುಣಿಸಿಕೊಳ್ಳಬೇಕು. ಸಾವಿರ ಹೆಜ್ಜೆಯಲ್ಲಿದ್ದೀರಾ? ಅರ್ಧಕ್ಕೆ ಇಳಿಯಲು 10 ಲಕ್ಷ. ಇನ್ನೊಂದು ಅರ್ಧಕ್ಕೆ ಒಂದು ಲಕ್ಷ ಕೋಟಿ. ಕಾಗದದ ಮೇಲಿನ ಖಾತ್ರಿ ಅದು, ಸೋಮವಾರ ಬೆಳಿಗ್ಗೆ ಡ್ರಮ್ ಓಡಿಸಬೇಕಾದವರಿಗೆ ಅಲ್ಲ.

ನಾನು ಮಾಡುವುದು ಇಷ್ಟು. ಎಂಟು ಲಾಟ್ ಆರಿಸಿಕೊಂಡು 40,320 ಸರದಿಯನ್ನೂ ಪೂರ್ತಿ ಎಣಿಸುತ್ತೇನೆ. ಅನೀಲಿಂಗ್ ಅದೇ ಉತ್ತರ ಕೊಡಬೇಕು, ಕೊಡದಿದ್ದರೆ ಕೋಡ್‌ನಲ್ಲೇ ತಪ್ಪು. ಇನ್ನೊಂದು, ಕೆಳಗಿನ ಮಿತಿ. 36 ಲಾಟ್‌ಗೆ 35 ಬದಲಾವಣೆ, ಮೂರು ಬಣ್ಣ. ಎಷ್ಟೇ ಚೆನ್ನಾಗಿ ಜೋಡಿಸಿದರೂ 33 ಸಲ 5 ನಿಮಿಷ, 2 ಸಲ 10 ನಿಮಿಷ ಬೇಕೇ ಬೇಕು, ಒಟ್ಟು 185. ನಮ್ಮ 240 ಅದಕ್ಕಿಂತ 55 ಮಾತ್ರ ಮೇಲೆ. ಆ 55ರಲ್ಲಿ ಇನ್ನೆಷ್ಟು ಇಳಿಯಬಹುದು ಅಂತ ಇಷ್ಟರಿಂದ ಗೊತ್ತಾಗುವುದಿಲ್ಲ, ಆದರೆ 185ಕ್ಕಿಂತ ಕೆಳಗೆ ಯಾರೂ ಇಳಿಸಲಾರರು. ಲಾಟ್ ಕಮ್ಮಿ ಇದ್ದಾಗ ಗೂಗಲ್‌ನ `OR-Tools` ಒಳಗಿನ `CP-SAT` ಅನ್ನುವ ಕರಾರುವಾಕ್ಕು ವಿಧಾನದ ಪ್ರೋಗ್ರಾಮ್‌ಗೆ ಕೊಟ್ಟು ನೋಡಿ. ಕೆಲವು ಸಲ ಅದು ಅತ್ಯುತ್ತಮ ಅಂತ ಸಾಬೀತು ಮಾಡಿಯೇ ಕೊಡುತ್ತದೆ. ಆಗ ಅನೀಲಿಂಗ್ ಯಾಕೆ ಬೇಕು?

ಬುಧವಾರ ಹೊಸ ಲಾಟ್ ಬಂದರೆ ಮತ್ತೆ ಮೊದಲಿನಿಂದ ಓಡಿಸಬೇಕಾ?

ಬೇಡ. 400ರಿಂದ ಶುರು ಮಾಡಿದರೆ ಇಡೀ ಸರದಿ ಕಲಸಿಹೋಗುತ್ತದೆ. ಗುರುವಾರಕ್ಕೆಂದು ತಂದಿಟ್ಟ ಬಣ್ಣ, ಒಳಗೆ ತಂದಿಟ್ಟ ಬಟ್ಟೆ ಎಲ್ಲ ವ್ಯರ್ಥ. ಮುಗಿದ ಲಾಟ್‌ಗಳನ್ನು ಪಟ್ಟಿಯಿಂದ ತೆಗೆಯಿರಿ. ಉಳಿದ ಸರದಿಯಲ್ಲಿ ಹೊಸದನ್ನು ಎಲ್ಲಾದರೂ ಸಿಕ್ಕಿಸಿ, ತಾಪ 20ರಿಂದ ಶುರು ಮಾಡಿ. ಸುತ್ತಮುತ್ತ ಸ್ವಲ್ಪ ಸರಿದಾಡಿ ನಿಲ್ಲುತ್ತದೆ. ಹಳೆಯ ಸರದಿಯಿಂದ ಜಾಗ ಬದಲಿಸಿದ ಪ್ರತಿ ಲಾಟ್‌ಗೂ ಒಂದೆರಡು ನಿಮಿಷ ಖರ್ಚು ಅಂತ ಸೇರಿಸಿದರೆ ಇನ್ನೂ ಒಳ್ಳೆಯದು.

ಪ್ರೋಗ್ರಾಮ್ ಕೊಟ್ಟ ಸರದಿಯನ್ನು ಮೇಸ್ತ್ರಿ ಒಪ್ಪಿದರಾ?

ಮೊದಲ ವಾರ ಒಪ್ಪಲಿಲ್ಲ. ಅವರದೇ ಸರದಿಯ ಖರ್ಚು ಲೆಕ್ಕ ಹಾಕಿದಾಗ 410 ಬಂತು, ನಮ್ಮದು 240. ಕೈಯಿಂದ ಜೋಡಿಸಿ 410 ಅಂದರೆ ಸಣ್ಣ ಮಾತಲ್ಲ, ನಾನು ಯಾವ ಲೆಕ್ಕವೂ ಇಲ್ಲದೆ ಕಲಸಿದ ಸರದಿಗಳು ಸಾವಿರಗಳಲ್ಲಿ ಇದ್ದವು. ಅವರು ನನ್ನ ಹಾಳೆ ನೋಡಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: "ಕರೀ ಲಾಟ್ ಸಂಜಿಗೆ ಇಳಿಯಂಗ ಹಾಕಬ್ಯಾಡ್ರೀ. ಟ್ಯೂಬ್‌ಲೈಟ್ ಬೆಳಕಿನ್ಯಾಗ ಶೇಡ್ ಗೊತ್ತಾಗಂಗಿಲ್ಲ."

ಯಾರೂ ನನಗೆ ಇದನ್ನು ಮೊದಲು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕಪ್ಪು ಲಾಟ್ ಸಂಜೆ ಆರರ ಮೇಲೆ ಮುಗಿದರೆ 60 ಅಂತ ಖರ್ಚಿಗೆ ಸೇರಿಸಿದೆ. ಪ್ರೋಗ್ರಾಮ್‌ನ ಉಳಿದ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಹೊಸ ಉತ್ತರ 265. ಸಂಖ್ಯೆ 25 ಏರಿತು, ಹಾಳೆ ಗೋಡೆಗೆ ಅಂಟಿತು.